ಟ್ಯಾಂಕಿನಲ್ಲಿ ಈಗ ಎಷ್ಟು ನೀರಿದೆ? ದರದಿಂದ ಮೊತ್ತ ಕಂಡುಹಿಡಿಯುವ ಬಗೆ

ಒಂದು ಟ್ಯಾಂಕಿಗೆ ಮೇಲಿನ ಪೈಪಿನಿಂದ ನೀರು ಬೀಳುತ್ತಿದೆ. ಕೆಳಗಿನ ನಲ್ಲಿಯಿಂದ ನೀರು ಹೋಗುತ್ತಲೂ ಇದೆ. ಒಳಗೆ ಇಣುಕಿ ನೋಡುವ ಹಾಗಿಲ್ಲ. ನೀರು ಎಷ್ಟು ಜೋರಾಗಿ ಬರುತ್ತಿದೆ, ಎಷ್ಟು ಜೋರಾಗಿ ಹೋಗುತ್ತಿದೆ ಅನ್ನೋದು ಮಾತ್ರ ಗೊತ್ತು. ಒಂದು ಗಂಟೆ ಕಳೆದ ಮೇಲೆ ಒಳಗೆ ಎಷ್ಟು ಲೀಟರ್ ಇರುತ್ತದೆ?

ಅನುಕಲನ ಕಲಿತವರು ಥಟ್ಟನೆ ಹೇಳುತ್ತಾರೆ, ‘ದರವನ್ನು ಇಂಟಿಗ್ರೇಟ್ ಮಾಡಿ’ ಅಂತ. ಮಾತು ಸರಿಯೇ. ಆದರೆ ಹಾಗೆ ಮಾಡಿ ಬರುವ ಸಂಖ್ಯೆ ಟ್ಯಾಂಕಿನಲ್ಲಿರುವ ನೀರು ಅಲ್ಲ. ಅದು ನೀರಿನಲ್ಲಿ ಆದ ಬದಲಾವಣೆ ಅಷ್ಟೇ. ಈ ಒಂದು ವ್ಯತ್ಯಾಸ ಮರೆತು ತಪ್ಪುವವರೇ ಜಾಸ್ತಿ. ಓದುವ ಕಾಲದಲ್ಲಿ ನಾನೂ ಒಮ್ಮೆ ಪೂರ್ತಿ ಲೆಕ್ಕ ಸರಿಯಾಗಿ ಬಿಡಿಸಿ, ಟ್ಯಾಂಕಿನಲ್ಲಿ ಮೊದಲೇ ಇದ್ದ ನೀರನ್ನು ಸೇರಿಸುವುದನ್ನೇ ಮರೆತಿದ್ದೆ. ಎರಡು ಪುಟದ ಲೆಕ್ಕ, ಕೊನೆಯ ಸಾಲಿನಲ್ಲಿ ತಪ್ಪು.

ಇಲ್ಲಿ ಒಂದೇ ಟ್ಯಾಂಕನ್ನು ಹಿಡಿದುಕೊಂಡು ಹೋಗೋಣ. ಮೊದಲು ಸುಲಭದ ಲೆಕ್ಕ, ಆಮೇಲೆ ಟ್ಯಾಂಕು ತುಂಬಿ ಚೆಲ್ಲಿದರೆ ಏನಾಗುತ್ತದೆ ಅನ್ನೋ ತರಲೆ ಲೆಕ್ಕ. ಕೊನೆಗೆ ಇದೇ ದಾರಿಯಲ್ಲಿ ಖರ್ಚಿನ ಲೆಕ್ಕ.

ನಮ್ಮ ಟ್ಯಾಂಕು

ಶುರುವಿನಲ್ಲಿ ಟ್ಯಾಂಕಿನಲ್ಲಿ 300 ಲೀಟರ್ ನೀರಿದೆ. ಪೈಪಿನಿಂದ ಮೊದಲು ನಿಮಿಷಕ್ಕೆ 30 ಲೀಟರ್ ಬರುತ್ತದೆ. ಆಮೇಲೆ ಜೋರು ಕಡಿಮೆಯಾಗುತ್ತಾ ಹೋಗುತ್ತದೆ: ಪ್ರತಿ ನಿಮಿಷ ಕಳೆದಂತೆ ಒಳಹರಿವು 0.25 ಲೀಟರ್‌ನಷ್ಟು ಇಳಿಯುತ್ತದೆ. ನಲ್ಲಿಯಿಂದ ಒಂದೇ ಸಮನೆ ನಿಮಿಷಕ್ಕೆ 18 ಲೀಟರ್ ಹೋಗುತ್ತದೆ. `t` ಅಂದರೆ ಶುರುವಾಗಿ ಕಳೆದ ನಿಮಿಷಗಳು.

```
ಒಳಹರಿವು  = 30 - 0.25 t
ಹೊರಹರಿವು = 18
```

ಹೊರಹರಿವಿನ ಲೆಕ್ಕ ಸುಲಭ. ನಿಮಿಷಕ್ಕೆ 18 ಲೀಟರ್, 60 ನಿಮಿಷ, ಒಟ್ಟು 1080 ಲೀಟರ್. ಗುಣಿಸಿದರೆ ಮುಗಿಯಿತು. ದರ ಬದಲಾಗದೆ ಇದ್ದರೆ ಅನುಕಲನದ ಹೆಸರೆತ್ತುವ ಅಗತ್ಯವೂ ಇಲ್ಲ.

ಒಳಹರಿವಿನ ಲೆಕ್ಕ ಹಾಗಲ್ಲ. ಯಾವ ದರದಿಂದ ಗುಣಿಸುವುದು? ಶುರುವಿನ 30ರಿಂದ ಗುಣಿಸಿದರೆ ಜಾಸ್ತಿ ಬರುತ್ತದೆ. ಕೊನೆಯ ದರ 15, ಅದರಿಂದ ಗುಣಿಸಿದರೆ ಕಡಿಮೆ ಬರುತ್ತದೆ. ಹಾಗಾಗಿ ಹೊತ್ತನ್ನು ಸಣ್ಣ ಸಣ್ಣ ತುಂಡು ಮಾಡುತ್ತೇವೆ. ಮೊದಲ ಹತ್ತು ನಿಮಿಷ ಮಾತ್ರ ನೋಡಿ. ಆ ತುಂಡಿನ ಶುರುವಿನಲ್ಲಿ ದರ 30, ಕೊನೆಯಲ್ಲಿ 27.5. ಅಂದರೆ ಆ ಹತ್ತು ನಿಮಿಷದಲ್ಲಿ ಬಂದ ನೀರು 275 ಲೀಟರ್‌ಗಿಂತ ಜಾಸ್ತಿ, 300 ಲೀಟರ್‌ಗಿಂತ ಕಡಿಮೆ. ತುಂಡನ್ನು ಒಂದು ನಿಮಿಷಕ್ಕೆ ಇಳಿಸಿದರೆ ಈ ಅನುಮಾನದ ಅಂತರ ಇನ್ನೂ ಕಿರಿದಾಗುತ್ತದೆ. ಮೊದಲ ನಿಮಿಷದಲ್ಲಿ ಬಂದದ್ದು 29.75 ಮತ್ತು 30ರ ನಡುವೆ ಎಲ್ಲೋ ಇದೆ, ಕಾಲು ಲೀಟರ್‌ನಷ್ಟೇ ಅನುಮಾನ. ತುಂಡು ಸಣ್ಣದಾದಷ್ಟೂ ಮೇಲಿನ ಅಂದಾಜು, ಕೆಳಗಿನ ಅಂದಾಜು ಎರಡೂ ಒಂದೇ ಸಂಖ್ಯೆಯ ಹತ್ತಿರ ಬರುತ್ತವೆ. ಆ ಸಂಖ್ಯೆಯೇ ಅನುಕಲ. ಗ್ರಾಫ್ ಬರೆದರೆ ದರದ ಗೆರೆಯ ಕೆಳಗಿನ ಜಾಗದ ವಿಸ್ತೀರ್ಣ.

ಇಲ್ಲೊಂದು ಮಾತು. ವಿಸ್ತೀರ್ಣ ಅಂದಕೂಡಲೇ ಚದರ ಅಡಿ, ಚದರ ಮೀಟರ್ ಅಂತ ಮನಸ್ಸು ಓಡುತ್ತದೆ. ಈ ಗ್ರಾಫಿನಲ್ಲಿ ಎತ್ತರ ಅಂದರೆ ನಿಮಿಷಕ್ಕೆ ಎಷ್ಟು ಲೀಟರ್, ಅಗಲ ಅಂದರೆ ಎಷ್ಟು ನಿಮಿಷ. ಎರಡನ್ನೂ ಗುಣಿಸಿದರೆ ನಿಮಿಷ ಹೊಡೆದುಹೋಗಿ ಲೀಟರ್ ಉಳಿಯುತ್ತದೆ. ಹಾಗೆ ಉಳಿಯದೆ ಇದ್ದರೆ ಎಲ್ಲೋ ಎಡವಿದ್ದೀರಿ ಅಂತಲೇ ಅರ್ಥ.

ಮೊದಲು ಮೂಲಮಾನ ನೋಡಿ

ಈ ಹೆಜ್ಜೆಯನ್ನು ಎಲ್ಲರೂ ಹಾರಿಸುತ್ತಾರೆ. ಒಳಹರಿವು ನಿಮಿಷದ ಲೆಕ್ಕದಲ್ಲಿದ್ದು, ಹೊರಹರಿವು ‘ಗಂಟೆಗೆ 1080 ಲೀಟರ್’ ಅಂತ ಕೊಟ್ಟಿದ್ದರೆ ಸುಮ್ನೆ ಕಳೆಯಬಾರದು. ಎರಡನ್ನೂ ಒಂದೇ ಮೂಲಮಾನಕ್ಕೆ ತರಬೇಕು.

ಇದು ಎಲ್ಲರಿಗೂ ಗೊತ್ತಿರುವುದೇ ಅನ್ನಬಹುದು. ಆದರೆ ಇದರೊಳಗೆ ಒಂದು ಗುಂಡಿ ಇದೆ. ನಮ್ಮ ಒಳಹರಿವನ್ನು ಗಂಟೆಯ ಲೆಕ್ಕಕ್ಕೆ ಬದಲಿಸಿ ನೋಡಿ. 30ನ್ನು 60ರಿಂದ ಗುಣಿಸಿದರೆ 1800, ಸರಿ. 0.25ನ್ನೂ 60ರಿಂದ ಗುಣಿಸಿ 15 ಅಂತ ಬರೆದರೆ ತಪ್ಪು. 0.25 ಅಂದರೆ ‘ನಿಮಿಷಕ್ಕೆ ಇಷ್ಟು ಲೀಟರ್’ ಅನ್ನುವ ದರವೇ ಪ್ರತಿ ನಿಮಿಷ ಎಷ್ಟು ಇಳಿಯುತ್ತದೆ ಅನ್ನುವ ಸಂಖ್ಯೆ. ನಿಮಿಷ ಅದರಲ್ಲಿ ಎರಡು ಸಲ ಇದೆ. ಹಾಗಾಗಿ 60ರಿಂದ ಎರಡು ಸಲ ಗುಣಿಸಬೇಕು, 900 ಆಗುತ್ತದೆ. `t` ಗಂಟೆಯಲ್ಲಿದ್ದಾಗ ಒಳಹರಿವು `1800 - 900 t`. ಸರಿಯಾಗಿದೆಯಾ ಅಂತ ನೋಡಲು ಒಂದು ಗಂಟೆಯ ಕೊನೆಯ ದರ ಹಾಕಿ. 900 ಬರುತ್ತದೆ, ಅಂದರೆ ನಿಮಿಷಕ್ಕೆ 15. ಮೊದಲಿನ ಸೂತ್ರವೂ ಅದನ್ನೇ ಹೇಳುತ್ತದೆ, ಅಲ್ವಾ?

ನಿವ್ವಳ ದರ, ಆಮೇಲೆ ಅನುಕಲ

ಈಗ ಒಳಗೆ ಬರುವುದರಲ್ಲಿ ಹೊರಗೆ ಹೋಗುವುದನ್ನು ಕಳೆಯಿರಿ.

```
ನಿವ್ವಳ ದರ = (30 - 0.25 t) - 18 = 12 - 0.25 t
```

ಈ ಸಂಖ್ಯೆ ಧನವಾಗಿದ್ದರೆ ನೀರು ಏರುತ್ತಿದೆ, ಋಣವಾದರೆ ಇಳಿಯುತ್ತಿದೆ. ಚಿಹ್ನೆಯನ್ನು ಹಾಗೆಯೇ ಇಟ್ಟುಕೊಳ್ಳಿ. ‘ವಿಸ್ತೀರ್ಣ ಋಣವಾಗಲು ಸಾಧ್ಯವೇ ಇಲ್ಲ’ ಅಂತ ಮೈನಸ್ ತೆಗೆದುಬಿಡುವವರಿದ್ದಾರೆ. ಹಾಗೆ ಮಾಡಿದರೆ ಖಾಲಿಯಾಗುತ್ತಿರುವ ಟ್ಯಾಂಕು ಕಾಗದದ ಮೇಲೆ ತುಂಬುತ್ತಾ ಹೋಗುತ್ತದೆ.

ಇನ್ನು ಅನುಕಲನ. 12ರ ಅನುಕಲ `12 t`, `0.25 t`ಯ ಅನುಕಲ `0.125 t²`. ಶುರುವಿನ 300 ಸೇರಿಸಿದರೆ ಯಾವ ಹೊತ್ತಿಗೆ ಬೇಕಾದರೂ ನೀರಿನ ಸೂತ್ರ ಸಿಗುತ್ತದೆ.

```
V(t) = 300 + 12 t - 0.125 t²
V(60) = 300 + 720 - 450 = 570
```

ಒಂದು ಗಂಟೆಯ ಕೊನೆಗೆ 570 ಲೀಟರ್. ಅನುಕಲನ ಕೊಟ್ಟದ್ದು 270 ಮಾತ್ರ. ಉಳಿದ 300 ನಾವು ಸೇರಿಸಿದ್ದು. ಪುಸ್ತಕದಲ್ಲಿ `+ C` ಅಂತ ಬರೆಯುತ್ತೇವಲ್ಲ, ಆ ಅನುಕಲನ ಸ್ಥಿರಾಂಕ ಇದೇ. ಪರೀಕ್ಷೆಯಲ್ಲಿ ಅದು ಒಂದು ಅಂಕದ ಬಾಲದ ಥರ ಕಾಣುತ್ತದೆ. ಇಲ್ಲಿ ಅದು ಅರ್ಧಕ್ಕಿಂತ ಜಾಸ್ತಿ ನೀರು. ದರ ಎಷ್ಟೇ ನಿಖರವಾಗಿ ಗೊತ್ತಿದ್ದರೂ ಈ 300ನ್ನು ಅದರಿಂದ ಪತ್ತೆ ಮಾಡಲು ಬರುವುದಿಲ್ಲ. ಖಾಲಿ ಟ್ಯಾಂಕಿಗೂ ಅರ್ಧ ತುಂಬಿದ ಟ್ಯಾಂಕಿಗೂ ಪೈಪು, ನಲ್ಲಿ ಒಂದೇ ರೀತಿ ಹರಿಯಬಹುದು. ಆ ಸಂಖ್ಯೆಯನ್ನು ಬೇರೆ ಕಡೆಯಿಂದಲೇ ತರಬೇಕು: ಶುರುವಿನಲ್ಲಿ ಅಳತೆ ಕೋಲು ಇಳಿಸಿ ನೋಡಬೇಕು, ಇಲ್ಲವೇ ಟ್ಯಾಂಕು ಯಾವಾಗ ಖಾಲಿ ಇತ್ತು ಅನ್ನೋದಾದರೂ ಗೊತ್ತಿರಬೇಕು.

ಲೆಕ್ಕ ಸರಿಯಾಗಿದೆಯಾ ಅಂತ ನೋಡಲು `V(t)`ಯನ್ನು ಅವಕಲನ ಮಾಡಿ. `12 - 0.25 t` ಬರಬೇಕು. `t = 0` ಹಾಕಿದರೆ 300 ಬರಬೇಕು. ಎರಡೂ ಬಂದರೆ ಸೂತ್ರದ ಮಟ್ಟಿಗೆ ಚಿಂತೆ ಇಲ್ಲ.

ನೀರು ಅತಿ ಹೆಚ್ಚು ಇರುವುದು ಯಾವಾಗ?

ಈ ಪ್ರಶ್ನೆ ಕೇಳಿದರೆ ಅನೇಕರು ತಪ್ಪು ಜಾಗಕ್ಕೆ ಬೆರಳು ತೋರಿಸುತ್ತಾರೆ. ಒಳಹರಿವು ಅತಿ ಜೋರಾಗಿರುವುದು ಶುರುವಿನಲ್ಲಿ. ಆಮೇಲೆ ಇಳಿಯುತ್ತಲೇ ಹೋಗುತ್ತದೆ. ಹಾಗಿದ್ದರೆ ನೀರೂ ಇಳಿಯುತ್ತಿರಬೇಕು ಅಂತ ಅನ್ನಿಸುತ್ತದೆ. ಹಾಗಲ್ಲ. ಒಳಹರಿವು 30ರಿಂದ 25ಕ್ಕೆ ಇಳಿದರೂ ಹೊರಹರಿವಿನ 18ಕ್ಕಿಂತ ಜಾಸ್ತಿಯೇ ಇದೆ. ಹಾಗಾಗಿ ನೀರು ಏರುತ್ತಲೇ ಇದೆ, ಸ್ವಲ್ಪ ನಿಧಾನವಾಗಿ ಅಷ್ಟೇ.

ಏರುವುದು ನಿಲ್ಲುವುದು ನಿವ್ವಳ ದರ ಸೊನ್ನೆಯಾದಾಗ. `12 - 0.25 t = 0` ಅಂದರೆ `t = 48`. ಆ ಹೊತ್ತಿಗೆ ನೀರು 300 + 576 − 288, ಅಂದರೆ 588 ಲೀಟರ್. ಅಲ್ಲಿಂದ ಮುಂದಿನ 12 ನಿಮಿಷದಲ್ಲಿ 18 ಲೀಟರ್ ಇಳಿದು 570ಕ್ಕೆ ಬರುತ್ತದೆ. ಶುರುವಿನ ಸಂಖ್ಯೆ, ಕೊನೆಯ ಸಂಖ್ಯೆ ಎರಡನ್ನೇ ನೋಡಿದ್ದರೆ ನಡುವೆ 588ರವರೆಗೆ ಏರಿದ್ದು ಗೊತ್ತೇ ಆಗುತ್ತಿರಲಿಲ್ಲ. ಈ 588 ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಟ್ಯಾಂಕಿಗೂ ಒಂದು ಮಿತಿ ಇದೆ

ಇಲ್ಲಿಯವರೆಗೆ ಟ್ಯಾಂಕು ಎಷ್ಟು ದೊಡ್ಡದು ಅಂತ ಕೇಳಲೇ ಇಲ್ಲ. ಸಾವಿರ ಲೀಟರ್‌ನದಾದರೆ ಮೇಲಿನ ಉತ್ತರ ಸರಿ. ಅದು 500 ಲೀಟರ್‌ನದಾಗಿದ್ದರೆ?

ಸೂತ್ರಕ್ಕೆ ಟ್ಯಾಂಕಿನ ಗೋಡೆ ಕಾಣುವುದಿಲ್ಲ. ಅದು 570 ಅಂತಲೇ ಹೇಳುತ್ತದೆ. 500 ಲೀಟರ್ ಟ್ಯಾಂಕಿನಲ್ಲಿ 570 ಇರಲು ಸಾಧ್ಯವಿಲ್ಲ ಅಂತ ಯಾರಿಗಾದರೂ ಹೊಳೆಯುತ್ತದೆ. ಆಮೇಲೆ ಹೆಚ್ಚಿನವರು ಮಾಡುವುದೇನು? ‘ಹಾಗಾದರೆ ಉತ್ತರ 500, ಉಳಿದದ್ದು ಚೆಲ್ಲಿಹೋಯಿತು’ ಅನ್ನುತ್ತಾರೆ. ಕೇಳಲು ಬಹಳ ಸರಿಯಾಗಿದೆ. ಆದರೆ ತಪ್ಪು.

ನಿಧಾನವಾಗಿ ನೋಡೋಣ. ಮೊದಲು ಟ್ಯಾಂಕು ತುಂಬುವುದು ಯಾವಾಗ? `300 + 12 t - 0.125 t² = 500` ಅನ್ನುವ ಸಮೀಕರಣ ಬಿಡಿಸಬೇಕು. ಇದನ್ನು ಸರಳ ಮಾಡಿ ಬರೆದರೆ `t² - 96 t + 1600 = 0`. ಇದಕ್ಕೆ ಎರಡು ಉತ್ತರ ಬರುತ್ತವೆ, ನಮಗೆ ಬೇಕಾದ್ದು ಮೊದಲಿನದು: ಸುಮಾರು 21.5 ನಿಮಿಷ. ಎರಡನೆಯದು ಸುಮಾರು 74.5. ಅದು ಗೋಡೆಯೇ ಇಲ್ಲದ ಟ್ಯಾಂಕಿನಲ್ಲಿ ನೀರು ಮೇಲಕ್ಕೆ ಹೋಗಿ ಮತ್ತೆ 500ಕ್ಕೆ ಇಳಿದು ಬರುವ ಹೊತ್ತು. ನಮ್ಮ ಟ್ಯಾಂಕಿಗೆ ಅದರಿಂದ ಉಪಯೋಗವಿಲ್ಲ.

21.5ನೇ ನಿಮಿಷದಿಂದ 48ನೇ ನಿಮಿಷದವರೆಗೆ ನಿವ್ವಳ ದರ ಇನ್ನೂ ಧನವಾಗಿಯೇ ಇದೆ. ಆದರೆ ಟ್ಯಾಂಕಿನಲ್ಲಿ ಜಾಗ ಇಲ್ಲ. ಹಾಗಾಗಿ ನೀರು 500ರಲ್ಲೇ ನಿಂತಿರುತ್ತದೆ, ಹೆಚ್ಚಾದದ್ದು ಅಂಚಿನಿಂದ ಚೆಲ್ಲುತ್ತದೆ. ಚೆಲ್ಲಿದ್ದು ಎಷ್ಟು? ಗೋಡೆ ಇಲ್ಲದೆ ಇದ್ದಿದ್ದರೆ 588ಕ್ಕೆ ಏರುತ್ತಿತ್ತು. 500 ಕಳೆದರೆ 88 ಲೀಟರ್. ಅದೇ ಚೆಲ್ಲಿದ್ದು.

48ನೇ ನಿಮಿಷದಲ್ಲಿ ಏನಾಗುತ್ತದೆ ಅನ್ನೋದು ಮುಖ್ಯ. ಆಗ ಒಳಹರಿವು 18ಕ್ಕಿಂತ ಕೆಳಗೆ ಇಳಿಯುತ್ತದೆ. ಟ್ಯಾಂಕು ತಕ್ಷಣ ಇಳಿಯಲು ಶುರು ಮಾಡುತ್ತದೆ. ಇಳಿಯುವುದು 588ರಿಂದ ಅಲ್ಲ, 500ರಿಂದ. ಚೆಲ್ಲಿದ ನೀರು ವಾಪಸ್ ಬರುವುದಿಲ್ಲವಲ್ಲ. ಮುಂದಿನ 12 ನಿಮಿಷದಲ್ಲಿ 18 ಲೀಟರ್ ಇಳಿಯುತ್ತದೆ ಅಂತ ಆಗಲೇ ನೋಡಿದೆವು. ಹಾಗಾಗಿ ಒಂದು ಗಂಟೆಯ ಕೊನೆಗೆ 482 ಲೀಟರ್. ಉತ್ತರ 570 ಅಲ್ಲ, 500 ಕೂಡ ಅಲ್ಲ.

ಇನ್ನೊಂದು ದಾರಿಯಿಂದ ತಾಳೆ ನೋಡೋಣ. ಶುರುವಿನಲ್ಲಿ 300 ಇತ್ತು. ಒಂದು ಗಂಟೆಯಲ್ಲಿ ಪೈಪಿನಿಂದ ಬಂದದ್ದು 30 × 60 − 0.125 × 3600, ಅಂದರೆ 1350. ನಲ್ಲಿಯಿಂದ ಹೋದದ್ದು 1080. ಚೆಲ್ಲಿದ್ದು 88. 300 + 1350 − 1080 − 88 = 482. ಲೆಕ್ಕ ಕೂಡಿತು.

ಇದರಿಂದ ಬರುವ ಕ್ರಮ ಹೀಗೆ. ನೀರು ಗೋಡೆಗೆ ತಾಗುವ ಹೊತ್ತನ್ನು ಕಂಡುಹಿಡಿಯಿರಿ, ಅಲ್ಲಿಗೆ ಒಂದು ಲೆಕ್ಕ ಮುಗಿಸಿ. ನಿವ್ವಳ ದರದ ಚಿಹ್ನೆ ಬದಲಾಗುವ ಹೊತ್ತಿನಿಂದ ಇನ್ನೊಂದು ಲೆಕ್ಕ ಶುರು ಮಾಡಿ, ಆಗ ಶುರುವಿನ ಮೊತ್ತ ಅಂತ 500 ಇಟ್ಟುಕೊಳ್ಳಿ. ಅಂದರೆ ಸ್ಥಿರಾಂಕ ಒಂದೇ ಸಲ ಬರುವುದಲ್ಲ. ನೀರು ಗೋಡೆಗೆ ತಾಗಿದಾಗಲೆಲ್ಲ ಅದನ್ನು ಹೊಸದಾಗಿ ಇಡಬೇಕು.

ಕೆಳಗಿನ ಗೋಡೆ, ಅಂದರೆ ಟ್ಯಾಂಕಿನ ತಳ, ಅದೂ ಹೀಗೆಯೇ. ಗೋಡೆಗೆ ತಾಗದ ದೊಡ್ಡ ಟ್ಯಾಂಕಿಗೇ ವಾಪಸ್ ಹೋಗಿ `t = 120` ಹಾಕಿ ನೋಡಿ. 300 + 1440 − 1800, ಉತ್ತರ −60 ಲೀಟರ್. ಋಣ ನೀರು ಅಂತ ಯಾವುದೂ ಇಲ್ಲ. ಟ್ಯಾಂಕು ಅದಕ್ಕೂ ಮೊದಲೇ, ಸುಮಾರು 116.6ನೇ ನಿಮಿಷದಲ್ಲಿ, ಖಾಲಿಯಾಗಿದೆ ಅಂತ ಅದರ ಅರ್ಥ. ಆಗ ಒಳಹರಿವು ನಿಮಿಷಕ್ಕೆ ಒಂದು ಲೀಟರ್ ಕೂಡ ಇಲ್ಲ. ಖಾಲಿ ಟ್ಯಾಂಕಿನ ನಲ್ಲಿಯಿಂದ 18 ಲೀಟರ್ ಹೋಗಲು ಸಾಧ್ಯವೇ? ಪೈಪಿನಿಂದ ಬಂದಷ್ಟೇ ನಲ್ಲಿಯಿಂದ ಹೋಗುತ್ತದೆ. ಹೊರಹರಿವು 18 ಅನ್ನುವ ಮಾತೇ ಅಲ್ಲಿಗೆ ಸುಳ್ಳಾಯಿತು.

ಚೆಲ್ಲಿದ ಟ್ಯಾಂಕು ಇನ್ನೂ ಬೇಗ ಖಾಲಿಯಾಗುತ್ತದೆ, ಸುಮಾರು 111.2ನೇ ನಿಮಿಷಕ್ಕೆ. ಅರ್ಧ ಗಂಟೆಯ ಹೊತ್ತಿಗೆ ಚೆಲ್ಲಿದ ನೀರಿನ ಫಲ ಒಂದೂವರೆ ಗಂಟೆ ದಾಟಿದ ಮೇಲೆ ಕಾಣುವುದು ಹೀಗೆ.

120 ನಿಮಿಷ ದಾಟಿದರೆ ಇನ್ನೊಂದು ತಮಾಷೆ. `30 - 0.25 t` ಋಣವಾಗುತ್ತದೆ, ಅಂದರೆ ಟ್ಯಾಂಕಿನ ನೀರು ಮೇಲಿನ ಪೈಪಿಗೆ ಹತ್ತಿಕೊಂಡು ಹೋಗುತ್ತಿದೆ ಅಂತಾಯಿತು! ಸೂತ್ರಕ್ಕೆ ಎಲ್ಲಿಯವರೆಗೆ ಬೆಲೆ ಇದೆ ಅನ್ನೋದನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಇಲ್ಲಿ ಅದು 0ಯಿಂದ 120ರವರೆಗೆ.

ಕಂಪ್ಯೂಟರಿನಲ್ಲಿ ಮಾಡುವುದಾದರೆ ಗೋಡೆಯ ಲೆಕ್ಕ ತುಂಬಾ ಸುಲಭ. ಹೊತ್ತನ್ನು ಸಣ್ಣ ತುಂಡು ಮಾಡಿ, ಪ್ರತಿ ತುಂಡಿನ ಕೊನೆಗೂ ಮಿತಿ ನೋಡಬೇಕು.

```python
V = 300
dt = 0.1
for i in range(600):
    t = (i + 0.5) * dt
    V = V + (12 - 0.25 * t) * dt
    V = max(0, min(500, V))
print(round(V, 2))
```

ಇದು 482 ಕೊಡುತ್ತದೆ. `max` ಇರುವ ಸಾಲನ್ನು ಲೂಪಿನ ಹೊರಗೆ, ಕೊನೆಯಲ್ಲಿ ಒಂದೇ ಸಲ ಹಾಕಿ ನೋಡಿ. 500 ಬರುತ್ತದೆ, ಅಂದರೆ ಮೇಲೆ ಹೇಳಿದ ಅದೇ ತಪ್ಪು. ಸಾಲಿನ ಮುಂದಿರುವ ನಾಲ್ಕು ಖಾಲಿ ಜಾಗಕ್ಕೆ 18 ಲೀಟರ್ ಬೆಲೆ!

ಸೂತ್ರ ಇಲ್ಲ, ಬರೀ ಅಳತೆಗಳಿವೆ

ನಿಜದ ಪೈಪು ಸೂತ್ರ ಹಿಡಿದುಕೊಂಡು ಬರುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಮೀಟರ್ ನೋಡಿ ಒಳಹರಿವು ಬರೆದುಕೊಂಡಿದ್ದೀರಿ ಅಂತಿಟ್ಟುಕೊಳ್ಳಿ.

```
ನಿಮಿಷ      0   10   20   30   40   50   60
ಒಳಹರಿವು   30   27   26   22   19   18   15
```

ಪ್ರತಿ ಹತ್ತು ನಿಮಿಷದ ತುಂಡಿಗೆ ಅದರ ಶುರುವಿನ ದರ ಹಿಡಿದರೆ ಒಟ್ಟು 1420 ಲೀಟರ್. ಕೊನೆಯ ದರ ಹಿಡಿದರೆ 1270. ದರ ಒಂದೇ ಸಮನೆ ಇಳಿಯುತ್ತಾ ಹೋಗಿದೆ ಅಂತ ಖಾತ್ರಿ ಇದ್ದರೆ ನಿಜವಾದ ಸಂಖ್ಯೆ ಈ ಎರಡರ ನಡುವೆಯೇ ಇರಬೇಕು. ನಡುವೆ ಏರಿಳಿತ ಇದ್ದರೆ ಈ ಮಾತು ನಿಲ್ಲುವುದಿಲ್ಲ. ಅಕ್ಕಪಕ್ಕದ ಎರಡು ಅಳತೆಗಳ ಸರಾಸರಿ ಹಿಡಿದರೆ 1345 ಬರುತ್ತದೆ. ಇದಕ್ಕೆ ತ್ರಾಪಿಜ್ಯ ನಿಯಮ ಅಂತ ಹೆಸರು, ಯಾಕಂದರೆ ಗ್ರಾಫಿನಲ್ಲಿ ಪ್ರತಿ ತುಂಡೂ ತ್ರಾಪಿಜ್ಯದ ಆಕಾರದಲ್ಲಿರುತ್ತದೆ. ಮಾಡುವ ಸುಲಭ ದಾರಿ: ಮೊದಲ ಮತ್ತು ಕೊನೆಯ ಅಳತೆಯನ್ನು ಅರ್ಧ ಮಾಡಿ, ನಡುವಿನವನ್ನು ಪೂರ್ತಿ ಇಟ್ಟು, ಎಲ್ಲ ಕೂಡಿಸಿ ಹತ್ತರಿಂದ ಗುಣಿಸಿ.

ಇಲ್ಲಿ ಆಗುವ ಸಾಮಾನ್ಯ ತಪ್ಪು ಅಂದರೆ ಏಳು ಅಳತೆಗಳನ್ನೂ ಪೂರ್ತಿ ಕೂಡಿಸಿ ಹತ್ತರಿಂದ ಗುಣಿಸುವುದು. 1570 ಬರುತ್ತದೆ. ಅಳತೆ ಏಳು ಇದ್ದರೂ ನಡುವಿನ ತುಂಡುಗಳು ಆರೇ. ಬೇಲಿಗೆ ಏಳು ಕಂಬ ನೆಟ್ಟರೆ ನಡುವಿನ ಸಂದು ಆರು, ಹಾಗೆ. ನೀವು 70 ನಿಮಿಷದ ನೀರನ್ನು 60 ನಿಮಿಷಕ್ಕೆ ತುಂಬಿಸಿದಂತಾಯಿತು.

1345ರಲ್ಲಿ 1080 ಕಳೆದು 300 ಕೂಡಿಸಿದರೆ 565 ಲೀಟರ್. ಮಿತಿ ತಾಗದ ದೊಡ್ಡ ಟ್ಯಾಂಕಿಗೆ ಈ ಉತ್ತರ.

ಇದನ್ನು ಎಷ್ಟು ನಂಬಬಹುದು? ನನ್ನ ಪ್ರಕಾರ ತುಂಡಿನ ಅಗಲಕ್ಕಿಂತ ಮೀಟರಿನ ದೋಷದ ಬಗ್ಗೆ ಜಾಸ್ತಿ ಯೋಚಿಸಬೇಕು. ಅಳತೆಗಳಲ್ಲಿ ಒಂದು ಸಲ ಸ್ವಲ್ಪ ಜಾಸ್ತಿ, ಇನ್ನೊಂದು ಸಲ ಸ್ವಲ್ಪ ಕಡಿಮೆ ಬಂದರೆ ಕೂಡಿಸುವಾಗ ಬಹುಪಾಲು ಒಂದಕ್ಕೊಂದು ಹೊಡೆದುಹೋಗುತ್ತವೆ. ಅದು ಅನುಕಲನದ ಒಳ್ಳೆಯ ಗುಣ. ಮೀಟರ್ ಯಾವಾಗಲೂ ಅರ್ಧ ಲೀಟರ್ ಜಾಸ್ತಿಯೇ ತೋರಿಸುತ್ತಿದ್ದರೆ ಮಾತ್ರ ಕಥೆ ಬೇರೆ. ಆ ಅರ್ಧ ಲೀಟರ್ ಪ್ರತಿ ನಿಮಿಷವೂ ಸೇರುತ್ತಾ ಹೋಗುತ್ತದೆ. ಒಂದು ಗಂಟೆಗೆ 30 ಲೀಟರ್, ಒಂದು ದಿನಕ್ಕೆ 720 ಲೀಟರ್. 1345ರ ಮುಂದೆ 30 ಸಣ್ಣದಾಗಿ ಕಾಣಬಹುದು, ಶೇಕಡಾ ಎರಡು ಚಿಲ್ಲರೆ. ಆದರೆ ನಮಗೆ ಬೇಕಾದ ಬದಲಾವಣೆ 265. ಅದರ ಮುಂದೆ ಅದೇ 30 ಶೇಕಡಾ ಹನ್ನೊಂದರಷ್ಟು. ಎರಡು ದೊಡ್ಡ ಸಂಖ್ಯೆಗಳನ್ನು ಕಳೆದು ಸಣ್ಣ ಸಂಖ್ಯೆ ಪಡೆಯುವಾಗ ಹೀಗಾಗುತ್ತದೆ.

ಮೀಟರ್ ಹೀಗೆ ಒಂದೇ ಕಡೆಗೆ ಎಳೆಯುತ್ತಿದೆಯಾ ಅಂತ ತಿಳಿಯಲು ಆಗಾಗ ಅಳತೆ ಕೋಲು ಇಳಿಸಿ ನಿಜವಾದ ನೀರನ್ನು ನೋಡಿ, ಲೆಕ್ಕದ ನೀರಿನ ಜೊತೆ ಹೋಲಿಸಿ. ಎರಡರ ವ್ಯತ್ಯಾಸ ಒಮ್ಮೆ ಆಚೆ, ಒಮ್ಮೆ ಈಚೆ ಹೋಗುತ್ತಿದ್ದರೆ ಚಿಂತೆ ಬೇಡ. ಒಂದೇ ಸಮನೆ ಬೆಳೆಯುತ್ತಿದ್ದರೆ ಮೀಟರ್ ತಪ್ಪು ತೋರಿಸುತ್ತಿದೆ, ಇಲ್ಲವೇ ಲೆಕ್ಕಕ್ಕೆ ಸೇರದ ಸೋರಿಕೆ ಎಲ್ಲೋ ಇದೆ. ಎರಡನ್ನೂ ಬೇರೆ ಮಾಡಲು ಪೈಪು, ನಲ್ಲಿ ಎರಡನ್ನೂ ಮುಚ್ಚಿ ಸ್ವಲ್ಪ ಹೊತ್ತು ಬಿಡಿ. ಆಗಲೂ ನೀರು ಇಳಿದರೆ ಅದು ಸೋರಿಕೆ. ನೀರು ಇದ್ದಲ್ಲೇ ಇದ್ದರೆ ಮೀಟರಿನ ಕಡೆ ನೋಡಿ. ಎರಡರಲ್ಲಿ ಯಾವುದೇ ಆಗಲಿ, ಅಳೆದ ಸಂಖ್ಯೆಯನ್ನೇ ಹೊಸ ಶುರುವಿನ ಮೊತ್ತ ಅಂತ ಇಟ್ಟುಕೊಂಡು ಅಲ್ಲಿಂದ ಮುಂದುವರಿಯಿರಿ. ಹಳೆಯ ದೋಷ ಅಲ್ಲಿಗೆ ನಿಲ್ಲುತ್ತದೆ.

ನೀರಿನ ಜಾಗದಲ್ಲಿ ಖರ್ಚು

ಖರ್ಚಿನ ಲೆಕ್ಕವೂ ಇದೇ. ಒಂದು ಯಂತ್ರ ಕೊಂಡಿದ್ದೀರಿ, ಬೆಲೆ 5000. ಯಾವ ನಾಣ್ಯ ಅನ್ನೋದು ಇಲ್ಲಿ ಬೇಡ, ಸಂಖ್ಯೆ ಸಾಕು. ಅದನ್ನು ನಡೆಸುವ ಖರ್ಚಿನ ದರ ಶುರುವಿನಲ್ಲಿ ತಿಂಗಳಿಗೆ 200. ಹಳೆಯದಾದಂತೆ ಪ್ರತಿ ತಿಂಗಳೂ ಆ ದರ 12ರಂತೆ ಏರುತ್ತದೆ. ಎರಡು ವರ್ಷಕ್ಕೆ ಒಟ್ಟು ಎಷ್ಟಾಯಿತು?

```
ಖರ್ಚಿನ ದರ = 200 + 12 t
K(t) = 5000 + 200 t + 6 t²
K(24) = 5000 + 4800 + 3456 = 13256
```

ಟ್ಯಾಂಕಿನ 300ರ ಜಾಗದಲ್ಲಿ ಇಲ್ಲಿ 5000 ಕೂತಿದೆ. ಖರ್ಚಿನ ದರವನ್ನು ಎಷ್ಟು ಜಾಲಾಡಿದರೂ ಯಂತ್ರಕ್ಕೆ ಎಷ್ಟು ಕೊಟ್ಟಿರಿ ಅನ್ನೋದು ಸಿಗುವುದಿಲ್ಲ. ರಸೀದಿ ನೋಡಲೇಬೇಕು.

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಎರಡನೇ ವರ್ಷದಲ್ಲಿ ಮಾತ್ರ ಎಷ್ಟು ಖರ್ಚಾಯಿತು? `K(24) - K(12)` ಅಂದರೆ 13256 − 8264 = 4992. ಕಳೆಯುವಾಗ 5000 ಎರಡೂ ಕಡೆ ಇದ್ದು ಹೊಡೆದುಹೋಯಿತು. ಹಾಗಾಗಿ ಈ ಪ್ರಶ್ನೆಗೆ ರಸೀದಿ ಬೇಡ. ಪ್ರಶ್ನೆ ‘ಈವರೆಗೆ ಒಟ್ಟು ಎಷ್ಟು’ ಅಂತ ಇದ್ದರೆ ಶುರುವಿನ ಮೊತ್ತ ಬೇಕು. ‘ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಎಷ್ಟು’ ಅಂತ ಇದ್ದರೆ ಬೇಡ. ಪ್ರಶ್ನೆಯನ್ನು ಎರಡು ಸಲ ಓದಿ ಇದು ಯಾವ ಥರದ್ದು ಅಂತ ನೋಡಿಕೊಂಡರೆ ಅರ್ಧ ತಪ್ಪು ಅಲ್ಲಿಗೇ ತಪ್ಪುತ್ತದೆ.

ಈ ಉದಾಹರಣೆಯಲ್ಲಿ ಒಂದು ಅಡ್ಡದಾರಿಯೂ ಇದೆ. ಶುರುವಿನ ದರ 200, ಕೊನೆಯ ದರ 488, ಸರಾಸರಿ 344. ಅದನ್ನು 24ರಿಂದ ಗುಣಿಸಿದರೆ 8256. ನಡೆಸುವ ಖರ್ಚು ಸರಿಯಾಗಿ ಅಷ್ಟೇ. ಹೀಗೆ ಬಂದದ್ದು ದರ ನೇರ ಗೆರೆಯಲ್ಲಿ ಏರಿದ್ದಕ್ಕೆ. ಗೆರೆ ಬಾಗಿದ್ದರೆ ಈ ಅಡ್ಡದಾರಿ ಕೈಕೊಡುತ್ತದೆ. ದರ ಮೊದಲು ನಿಧಾನವಾಗಿ, ಕೊನೆಯಲ್ಲಿ ಜೋರಾಗಿ ಏರಿದರೆ ಎರಡು ತುದಿಗಳ ಸರಾಸರಿ ನಿಜಕ್ಕಿಂತ ಜಾಸ್ತಿ ಖರ್ಚು ತೋರಿಸುತ್ತದೆ. ಮೊದಲೇ ಜೋರಾಗಿ ಏರಿ ಆಮೇಲೆ ಸಮವಾದರೆ ಕಡಿಮೆ ತೋರಿಸುತ್ತದೆ. ಗ್ರಾಫಿನ ಎರಡು ತುದಿಗೆ ಒಂದು ದಾರ ಎಳೆದು ಹಿಡಿದು ನೋಡಿ. ದರದ ಗೆರೆ ದಾರಕ್ಕಿಂತ ಕೆಳಗೆ ಜೋತುಬಿದ್ದಿದ್ದರೆ ನಿಮ್ಮ ಅಂದಾಜು ಜಾಸ್ತಿಯಾಗಿದೆ, ಮೇಲಕ್ಕೆ ಉಬ್ಬಿದ್ದರೆ ಕಡಿಮೆಯಾಗಿದೆ.

ಟ್ಯಾಂಕಿಗೂ ಖರ್ಚಿಗೂ ಒಂದು ವ್ಯತ್ಯಾಸ ಇದೆ. ಖರ್ಚು ಯಾವಾಗಲೂ ಹರಿದು ಬರುವುದಿಲ್ಲ, ಕೆಲವು ಸಲ ಒಂದೇ ಏಟಿಗೆ ಬೀಳುತ್ತದೆ. ಹತ್ತನೇ ತಿಂಗಳಲ್ಲಿ ಯಂತ್ರದ ಒಂದು ಭಾಗ ಮುರಿದು 900 ಕೊಟ್ಟು ಬದಲಿಸಿದಿರಿ ಅಂದುಕೊಳ್ಳಿ. ಅದನ್ನು ‘ತಿಂಗಳಿಗೆ ಇಷ್ಟು’ ಅನ್ನುವ ದರದೊಳಗೆ ತುರುಕಬೇಡಿ. 9ನೇ ತಿಂಗಳವರೆಗೆ ಮೊದಲಿನ ಸೂತ್ರವೇ ಸರಿ, ಬದಲಿಸಿದ ಮೇಲೆ ಶುರುವಿನ 5000ರ ಜಾಗದಲ್ಲಿ 5900 ಇಟ್ಟುಕೊಳ್ಳಿ. 24ನೇ ತಿಂಗಳಿಗೆ ಒಟ್ಟು 14156. ಹೊಸ ಭಾಗ ಹಾಕಿದ ಮೇಲೆ ನಡೆಸುವ ಖರ್ಚಿನ ದರವೇ ಕಡಿಮೆಯಾದರೆ ಅಲ್ಲಿಂದ ಮುಂದಕ್ಕೆ ದರದ ಸೂತ್ರವನ್ನೂ ಬದಲಿಸಬೇಕು, ಚೆಲ್ಲಿದ ಟ್ಯಾಂಕಿಗೆ 48ನೇ ನಿಮಿಷದಿಂದ ಹೊಸ ಲೆಕ್ಕ ಶುರು ಮಾಡಿದ ಹಾಗೆಯೇ.